ಪ್ರಿಫರೆನ್ಸ್ ಷೇರು ವಾಪಸ್ ಕೊಟ್ಟೆವು: ಲಾಭದಿಂದ ರಿಡೀಮ್ ಮಾಡಿ, ಸಿಆರ್‌ಆರ್ ಕಟ್ಟಿದ ಅನುಭವ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ. ಯಂತ್ರಗಳ ಬಿಡಿಭಾಗ ಮಾಡುತ್ತೇವೆ. ಅಪ್ಪ ಶುರು ಮಾಡಿದ್ದು. ಲೆಕ್ಕಪತ್ರ, ಬ್ಯಾಂಕು, ಆಡಿಟು ಈಗ ನನ್ನ ಪಾಲು. 2018ರ ಸೆಪ್ಟೆಂಬರ್‌ನಲ್ಲಿ ಎರಡು ಹೊಸ ಸಿಎನ್‌ಸಿ ಮಷೀನು ತರಬೇಕಾದಾಗ ಬ್ಯಾಂಕ್ ಸಾಲ ಸಾಲಲಿಲ್ಲ. ಹತ್ತಿರದ ನೆಂಟರಿಗೂ ಅಪ್ಪನ ಹಳೆಯ ಫೋರ್‌ಮನ್ ಒಬ್ಬರಿಗೂ ತಲಾ 100 ರೂಪಾಯಿಯ 40,000 ಪ್ರಿಫರೆನ್ಸ್ ಷೇರು ಕೊಟ್ಟು 40 ಲಕ್ಷ ಎತ್ತಿದೆವು. ವರ್ಷಕ್ಕೆ ಶೇಕಡಾ 10 ಡಿವಿಡೆಂಡ್, ಏಳು ವರ್ಷದೊಳಗೆ ವಾಪಸ್, ವಾಪಸ್ ಕೊಡುವಾಗ ಷೇರಿಗೆ 5 ರೂಪಾಯಿ ಪ್ರೀಮಿಯಂ. ವರ್ಷದ ನಡುವೆ ಕೊಟ್ಟರೆ ಆ ತಿಂಗಳುಗಳಿಗೆ ಬೇರೆ ಡಿವಿಡೆಂಡ್ ಇಲ್ಲ, ಪ್ರೀಮಿಯಂನಲ್ಲೇ ಅದೂ ಸೇರಿತು ಎಂದು ಷರತ್ತಿನಲ್ಲೇ ಬರೆದಿತ್ತು.

2025ರ ಸೆಪ್ಟೆಂಬರ್‌ನಲ್ಲಿ ಅದು ಮುಗಿಯಿತು. ಹಣ ಕೊಟ್ಟೆವು, ಫಾರಂ ಹಾಕಿದೆವು. ಮೇಲಿಂದ ನೋಡಿದರೆ ಸಾಲ ತೀರಿಸಿದಷ್ಟೇ ಸರಳ ಅನಿಸುತ್ತದೆ. ಆದರೆ ಷೇರು ಸಾಲವಲ್ಲ, ಬಂಡವಾಳ. ಬಂಡವಾಳ ಹೊರಗೆ ಹೋಗಬೇಕಾದರೆ ಅದರ ಜಾಗದಲ್ಲಿ ಏನಾದರೂ ನಿಲ್ಲಬೇಕು ಎನ್ನುತ್ತದೆ ಕಾನೂನು. ಲಾಭದಿಂದ ವಾಪಸ್ ಕೊಟ್ಟಾಗ ಹಾಗೆ ನಿಲ್ಲುವುದೇ ಕ್ಯಾಪಿಟಲ್ ರಿಡೆಂಪ್ಷನ್ ರಿಸರ್ವ್, ಚಿಕ್ಕದಾಗಿ ಸಿಆರ್‌ಆರ್. ನಾವು ಪಟ್ಟ ಪಾಡಿನ ಮುಕ್ಕಾಲು ಪಾಲು ಈ ಒಂದು ಮಾತಿನಿಂದಲೇ ಹುಟ್ಟಿದ್ದು.

ಏಪ್ರಿಲ್‌ನಲ್ಲಿ ಮೊದಲು ಕೇಳಿಕೊಂಡ ಪ್ರಶ್ನೆ, ನಮ್ಮ ಹತ್ತಿರ ಅಷ್ಟು ಲಾಭ ಇದೆಯೇ ಎಂಬುದು. ಕಂಪನಿ ಕಾಯ್ದೆ 2013ರ 55ನೇ ಕಲಂ ಎರಡೇ ದಾರಿ ಕೊಡುತ್ತದೆ. ಡಿವಿಡೆಂಡ್ ಹಂಚಲು ಬರುವಂಥ ಲಾಭದಿಂದ ರಿಡೀಮ್ ಮಾಡಬೇಕು, ಇಲ್ಲವೇ ಇದಕ್ಕಾಗಿಯೇ ಹೊಸ ಷೇರು ಕೊಟ್ಟು ಆ ಹಣದಿಂದ ಮಾಡಬೇಕು. ಎರಡನ್ನೂ ಬೆರೆಸಿಯೂ ಮಾಡಬಹುದು. ಹೊಸ ಷೇರು ಕೊಟ್ಟರೆ ಮಾಲೀಕತ್ವದ ಪಾಲು ಅಲುಗಾಡುತ್ತದೆಂದು ಅಪ್ಪ ಒಪ್ಪಲಿಲ್ಲ. ಹಾಗಾಗಿ ಪೂರ್ತಿ ಲಾಭದಿಂದಲೇ ಎಂದು ತೀರ್ಮಾನವಾಯಿತು.

ನಮ್ಮ ಅಕೌಂಟೆಂಟ್ ಮಾಡಿಕೊಟ್ಟ ಮೊದಲ ಪಟ್ಟಿ ನೋಡಿದಾಗ ನಿರಾಳವಾಯಿತು. ರಿಸರ್ವ್ಸ್ ತಲೆಬರಹದಡಿ ಒಟ್ಟು 84 ಲಕ್ಷ ಇತ್ತು. ಆ ಪಟ್ಟಿ ಹಿಡಿದು ಆಡಿಟರ್ ಹತ್ತಿರ ಹೋದೆ. ಅವರು ಕೆಂಪು ಪೆನ್ನು ತೆಗೆದು ಸಾಲುಸಾಲಾಗಿ ಗೀಟು ಹಾಕುತ್ತ ಬಂದರು. ಜಾಗದ ಬೆಲೆ ಏರಿದೆಯೆಂದು ಪುಸ್ತಕದಲ್ಲಿ ಏರಿಸಿದ್ದ 22 ಲಕ್ಷದ ರೀವ್ಯಾಲ್ಯುಯೇಷನ್ ರಿಸರ್ವ್ ಹೋಯಿತು, ಏಕೆಂದರೆ ಮಾರದ ಜಾಗದ ಲಾಭ ಕೈಗೆ ಬಂದ ಲಾಭವಲ್ಲ. ಹಿಂದೆ ಈಕ್ವಿಟಿ ಷೇರು ಹೆಚ್ಚು ಬೆಲೆಗೆ ಕೊಟ್ಟಾಗ ಬಂದಿದ್ದ 6 ಲಕ್ಷದ ಸೆಕ್ಯೂರಿಟೀಸ್ ಪ್ರೀಮಿಯಂ ಕೂಡ ಹೋಯಿತು; ಅದು ಡಿವಿಡೆಂಡ್‌ಗೆ ಬರುವ ಹಣವಲ್ಲ. ಗೀಟು ಬೀಳದೆ ಉಳಿದದ್ದು ಎರಡೇ ಸಾಲು: ಜನರಲ್ ರಿಸರ್ವ್ 18 ಲಕ್ಷ, ಲಾಭ-ನಷ್ಟ ಖಾತೆಯ ಶಿಲ್ಕು 38 ಲಕ್ಷ. ಒಟ್ಟು 56 ಲಕ್ಷ.

ಈ ಕೆಲಸಕ್ಕೆ ಕೈ ಹಾಕುವವರು ದಯವಿಟ್ಟು ಮೊದಲು ಇದನ್ನೇ ಮಾಡಿಸಿ. ಬ್ಯಾಲೆನ್ಸ್ ಶೀಟಿನಲ್ಲಿ ರಿಸರ್ವ್ ಎಂದು ಬರೆದದ್ದೆಲ್ಲ ಲೆಕ್ಕಕ್ಕೆ ಬರುವುದಿಲ್ಲ. ಹಳೆಯ ನಷ್ಟ ಉಳಿದಿದ್ದರೆ ಅದನ್ನೂ ಮೊದಲು ಕಳೆಯಬೇಕು. ನಾವು 2025ರ ಮಾರ್ಚ್ 31ರ ಆಡಿಟ್ ಆದ ಅಂಕಿಯನ್ನೇ ಹಿಡಿದೆವು. ಏಪ್ರಿಲ್‌ನಿಂದೀಚೆಗೆ ನಷ್ಟವಾಗಿಲ್ಲ ಎಂಬುದನ್ನು ಆಡಿಟರ್ ಬೇರೆಯಾಗಿ ಖಾತರಿ ಮಾಡಿಕೊಂಡರು.

56 ಲಕ್ಷದಿಂದ ಏನೇನು ಹೋಗಬೇಕು ಎಂದು ಅವರು ಅಲ್ಲೇ ಬರೆದು ತೋರಿಸಿದರು. ಕಳೆದ ವರ್ಷದ ಪ್ರಿಫರೆನ್ಸ್ ಡಿವಿಡೆಂಡ್ ಸುಮಾರು 4 ಲಕ್ಷ. ರಿಡೀಮ್ ಮಾಡುವಾಗಿನ ಪ್ರೀಮಿಯಂ 2 ಲಕ್ಷ. ಆಮೇಲೆ ಷೇರುಗಳ ಮುಖಬೆಲೆಯಷ್ಟು, ಅಂದರೆ 40 ಲಕ್ಷ, ಕ್ಯಾಪಿಟಲ್ ರಿಡೆಂಪ್ಷನ್ ರಿಸರ್ವ್‌ಗೆ. ಉಳಿಯುವುದು 10 ಲಕ್ಷ. ಸಿಆರ್‌ಆರ್‌ಗೆ ಹಾಕಬೇಕಾದದ್ದು ಮುಖಬೆಲೆ ಮಾತ್ರ, ಪ್ರೀಮಿಯಂ ಸೇರಿಸಿ 42 ಅಲ್ಲ. ಪ್ರೀಮಿಯಂ ಬೇರೆ ದಾರಿಯಲ್ಲಿ ಹೋಗುತ್ತದೆ. ಕೆಲವು ಬಗೆಯ ಕಂಪನಿಗಳು ಅದನ್ನು ಲಾಭದಿಂದಲೇ ಕೊಡಬೇಕು, ಉಳಿದವು ಸೆಕ್ಯೂರಿಟೀಸ್ ಪ್ರೀಮಿಯಂ ಖಾತೆಯನ್ನೂ ಬಳಸಬಹುದು. ತಕರಾರೇ ಬೇಡವೆಂದು ನಾವು ಲಾಭದಿಂದಲೇ ಕೊಟ್ಟೆವು.

ಮನೆಯಲ್ಲಿ ಇದನ್ನು ಹೇಳಿದಾಗ ಕಾಕಾಗೆ ಸಿಟ್ಟು ಬಂತು. ಅವರದು 8,000 ಷೇರು, ಜೊತೆಗೆ ಈಕ್ವಿಟಿಯಲ್ಲೂ ಪಾಲಿದೆ.

"ಅಲ್ಲವ್ವಾ, ನಮಗ 42 ಲಕ್ಷ ಕೊಡ್ತೀರಿ, ಮತ್ತ 40 ಲಕ್ಷ ತಗದು ಇಡ್ತೀರಿ ಅಂದ್ರ 82 ಲಕ್ಷ ಆತಲ್ಲ? ಅಷ್ಟು ರೊಕ್ಕ ಎಲ್ಲಿಂದ ತರ್ತೀ?"

ಅವರ ಪ್ರಶ್ನೆ ಸಹಜವಾದದ್ದೇ. ಇದೇ ಪ್ರಶ್ನೆಯನ್ನು ಆಮೇಲೆ ಇನ್ನೂ ಹಲವರು ಕೇಳಿದರು. ಹಣ ಬ್ಯಾಂಕಿನಿಂದ ಹೋಗುವುದು ಒಂದೇ ಸಲ, 42 ಲಕ್ಷ. ಸಿಆರ್‌ಆರ್ ಅಂದರೆ ಬೇರೆ ಖಾತೆಯಲ್ಲಿ ಇಟ್ಟ ನಗದಲ್ಲ, ಎಫ್‌ಡಿಯೂ ಅಲ್ಲ. ಈಗಾಗಲೇ ಪುಸ್ತಕದಲ್ಲಿರುವ ಲಾಭದಲ್ಲಿ 40 ಲಕ್ಷದ ಮೇಲೆ, ಇದನ್ನು ಇನ್ನು ಡಿವಿಡೆಂಡ್ ಆಗಿ ಹಂಚುವಂತಿಲ್ಲ ಎಂದು ಮುದ್ರೆ ಒತ್ತಿದ ಹಾಗೆ. ನಾನು ಒಂದು ಹಾಳೆಯಲ್ಲಿ ಕಾಕಾಗೆ ಬರೆದು ತೋರಿಸಿದೆ. ಮೊದಲು ಈಕ್ವಿಟಿ 25 ಲಕ್ಷ, ಪ್ರಿಫರೆನ್ಸ್ 40 ಲಕ್ಷ, ಕೂಡಿದರೆ 65. ರಿಡೀಮ್ ಆದಮೇಲೆ ಈಕ್ವಿಟಿ 25 ಲಕ್ಷ, ಸಿಆರ್‌ಆರ್ 40 ಲಕ್ಷ, ಕೂಡಿದರೆ ಮತ್ತೆ 65. ನಮಗೆ ಸಾಲ ಕೊಟ್ಟ ಬ್ಯಾಂಕು, ಉದ್ರಿ ಮಾಲು ಕೊಟ್ಟ ಉಕ್ಕಿನ ವ್ಯಾಪಾರಿ, ಇವರೆಲ್ಲ ನಂಬಿದ್ದು ಆ 65ನ್ನು. ಷೇರುದಾರರು ಅದನ್ನು ತಮ್ಮೊಳಗೇ ಹಂಚಿಕೊಂಡು ಕಂಪನಿ ಬರಿದು ಮಾಡಬಾರದು ಅಂತಲೇ ಈ ಕಟ್ಟು. ಕಾಕಾ ಹಾಳೆಯನ್ನು ಬಹಳ ಹೊತ್ತು ನೋಡಿ, "ಹಂಗಂದ್ರ ನಮಗ ಈಕ್ವಿಟಿ ಮ್ಯಾಲ ಡಿವಿಡೆಂಡ್ ಕೊಡಾಕ ಬರೇ 10 ಲಕ್ಷ ಉಳೀತು" ಅಂದರು. ಹೌದು, ಅದೇ ನಿಜ. ಈಕ್ವಿಟಿಯಲ್ಲಿ ಪಾಲಿರುವವರಿಗೆ ಈ ಮಾತನ್ನು ಮೊದಲೇ ತಿಳಿಸಿಬಿಡುವುದು ಒಳ್ಳೆಯದು. ಕೊನೆಗೆ ಗೊತ್ತಾದರೆ ಮನಸ್ತಾಪ ಆಗುತ್ತದೆ.

ಲಾಭ ಇದೆ ಎಂದಾಯಿತು. ನಗದು ಇದೆಯೇ? ಕರೆಂಟ್ ಅಕೌಂಟಿನಲ್ಲಿ 11 ಲಕ್ಷ, ಎಫ್‌ಡಿಯಲ್ಲಿ 28 ಲಕ್ಷ. ಬೇಕಾದದ್ದು ಡಿವಿಡೆಂಡ್ ಸೇರಿ 46 ಲಕ್ಷ, ಅದರ ಮೇಲೆ ಸಂಬಳ, ಕರೆಂಟ್ ಬಿಲ್ಲು. ನಮ್ಮ 56 ಲಕ್ಷ ಲಾಭದ ದೊಡ್ಡ ಭಾಗ ಗೋದಾಮಿನ ಕಚ್ಚಾಮಾಲಿನಲ್ಲೂ ಗಿರಾಕಿಗಳ ಬಾಕಿಯಲ್ಲೂ ಕುಳಿತಿತ್ತು. ಪುಣೆಯ ಒಬ್ಬ ದೊಡ್ಡ ಗಿರಾಕಿಯಿಂದ ಬರಬೇಕಾದ ಹಣ ಜುಲೈ ಪೂರ್ತಿ ಬರಲಿಲ್ಲ. ಅವಧಿ ಮುಗಿಯುವುದು ಸೆಪ್ಟೆಂಬರ್‌ಗೆ. ಆ ಜುಲೈಯಲ್ಲಿ ನನಗೆ ಸರಿಯಾಗಿ ನಿದ್ದೆ ಇರಲಿಲ್ಲ. ಅವಧಿಗೆ ರಿಡೀಮ್ ಮಾಡಲು ಆಗದಿದ್ದರೆ, ಮೌಲ್ಯದಲ್ಲಿ ಮುಕ್ಕಾಲು ಪಾಲು ಪ್ರಿಫರೆನ್ಸ್ ಷೇರುದಾರರ ಒಪ್ಪಿಗೆ ಪಡೆದು, ಕಂಪನಿ ನ್ಯಾಯಮಂಡಳಿಯ ಅನುಮತಿ ತಂದು, ಬಾಕಿಯಷ್ಟಕ್ಕೆ ಹೊಸ ಪ್ರಿಫರೆನ್ಸ್ ಷೇರು ಕೊಡಬೇಕಾಗುತ್ತದೆ. ನಮ್ಮಂಥ ಸಣ್ಣ ಕಂಪನಿಗೆ ಆ ದಾರಿ ಹಿಡಿಸುವಂಥದ್ದಲ್ಲ. ಆಗಸ್ಟ್ ನಡುವಿಗೆ ಪುಣೆಯ ಹಣ ಬಂತು.

ನಾವು ಎಣಿಸದೇ ಇದ್ದ ತಡೆ ಬ್ಯಾಂಕಿನದು. ನಮಗೆ ಓವರ್‌ಡ್ರಾಫ್ಟ್ ಇದೆ. ಅದರ ಮಂಜೂರಾತಿ ಪತ್ರದ ಷರತ್ತುಗಳ ನಡುವೆ ಒಂದು ಸಾಲು: ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಬಂಡವಾಳದ ರಚನೆ ಬದಲಿಸುವಂತಿಲ್ಲ. ಕಂಪನಿ ಸೆಕ್ರೆಟರಿ ಅದನ್ನು ಹುಡುಕಿ ತೆಗೆದರು. ಎನ್‌ಒಸಿಗೆ ಅರ್ಜಿ ಹಾಕಿದೆವು. ಶಾಖೆಯಿಂದ ಪ್ರಾದೇಶಿಕ ಕಚೇರಿಗೆ ಹೋಯಿತು, ಅಲ್ಲಿಂದ ಪ್ರಶ್ನೆ ಬಂತು, ನಾವು ಉತ್ತರ ಕೊಟ್ಟೆವು, ಮತ್ತೆ ಪ್ರಶ್ನೆ ಬಂತು. ಅವರ ಚಿಂತೆ ಒಂದೇ. ಪ್ರಿಫರೆನ್ಸ್ ಹಣವನ್ನೂ ನಮ್ಮ ನೆಟ್‌ವರ್ತ್ ಎಂದು ಎಣಿಸಿ ಅವರು ಸಾಲ ಕೊಟ್ಟಿದ್ದರು. ರೀವ್ಯಾಲ್ಯುಯೇಷನ್ ಬಿಟ್ಟು ಲೆಕ್ಕ ಹಾಕಿದರೆ ಅದು 127 ಲಕ್ಷ. ಎಲ್ಲ ಕೊಟ್ಟಮೇಲೆ 81 ಲಕ್ಷ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಸಿಆರ್‌ಆರ್ ಇದೆಯೆಂದು ನೆಟ್‌ವರ್ತ್ ಇಳಿಯದೇ ಇರುವುದಿಲ್ಲ. ಬ್ಯಾಂಕಿನಿಂದ ಹಣ ಹೋಗಿದೆ, ಅದು ಇಳಿದೇ ಇಳಿಯುತ್ತದೆ. ಸಿಆರ್‌ಆರ್ ಮಾಡುವ ಕೆಲಸ ಬೇರೆ: ಉಳಿದ 81 ಲಕ್ಷದಲ್ಲಿ 10 ಲಕ್ಷಕ್ಕಿಂತ ಹೆಚ್ಚು ಡಿವಿಡೆಂಡ್ ರೂಪದಲ್ಲಿ ಹೊರಗೆ ಹೋಗಲು ಅದು ಬಿಡುವುದಿಲ್ಲ. ನಾವು ಕೊನೆಯ ಪತ್ರದಲ್ಲಿ ಬರೆದದ್ದು ಇದನ್ನೇ, ಆಡಿಟರ್ ಸಹಿ ಮಾಡಿದ ತಖ್ತೆಯೊಂದಿಗೆ. ಈ ವರ್ಷ ಈಕ್ವಿಟಿಗೆ ಡಿವಿಡೆಂಡ್ ಕೊಡಬಾರದು ಎಂಬ ಷರತ್ತಿನ ಮೇಲೆ ಎನ್‌ಒಸಿ ಬಂತು. ನನ್ನನ್ನು ಕೇಳಿದರೆ, ಸಾಲ ಇರುವವರು ಬ್ಯಾಂಕಿಗೆ ಆರು ತಿಂಗಳು ಮೊದಲೇ ಅರ್ಜಿ ಹಾಕಬೇಕು. ಇಡೀ ಕೆಲಸದಲ್ಲಿ ನಮ್ಮ ಕೈಯಲ್ಲಿ ಇಲ್ಲದ ಹಂತ ಅದೊಂದೇ.

ಎನ್‌ಒಸಿ ಕಾಯುವ ಹೊತ್ತಿನಲ್ಲಿ ಸೆಕ್ರೆಟರಿ ಸದಸ್ಯರ ರಿಜಿಸ್ಟರ್ ತೆಗೆದು ಒಂದೊಂದೇ ಹೆಸರು ತಾಳೆ ನೋಡುತ್ತಿದ್ದರು. ಅತ್ತೆಯ ಹೆಸರಿನ 2,000 ಷೇರಿನ ಮುಂದೆ ಕೊನೆಯ ಕಂತು, ಷೇರಿಗೆ 20 ರೂಪಾಯಿ, ಬಂದೇ ಇರಲಿಲ್ಲ. 2019ರಲ್ಲಿ ಅವರ ಮನೆಯಲ್ಲಿ ಕಾಯಿಲೆ ಇತ್ತು, ಯಾರೂ ಕೇಳಲಿಲ್ಲ, ಹಾಗೇ ಉಳಿದಿತ್ತು. ಪೂರ್ತಿ ಹಣ ಬಾರದ ಪ್ರಿಫರೆನ್ಸ್ ಷೇರನ್ನು ರಿಡೀಮ್ ಮಾಡುವಂತೆಯೇ ಇಲ್ಲ. ಕೊಡುವ ಹಣದಲ್ಲಿ 40,000 ಮುರಿದುಕೊಂಡರೆ ಆಯಿತಲ್ಲ ಎಂದು ಅಕೌಂಟೆಂಟ್ ಹೇಳಿದರು. ಸೆಕ್ರೆಟರಿ ಒಪ್ಪಲಿಲ್ಲ. ರಿಡೀಮ್ ಮಾಡುವ ದಿನ ಆ ಷೇರು ಪೂರ್ತಿ ಪೇಡ್-ಅಪ್ ಆಗಿರಬೇಕು, ಹಣ ಬ್ಯಾಂಕಿನ ಮೂಲಕ ಒಳಗೆ ಬಂದದ್ದು ಕಾಣಬೇಕು ಎಂದರು. ಬಾಕಿ ಕಂತು ಕೇಳಿ ಬೋರ್ಡು ಕಾಲ್ ನೋಟಿಸ್ ಕಳಿಸಿತು. ಅತ್ತೆ ಚೆಕ್ ಕೊಟ್ಟರು, "ಕೊಡೋದಿದ್ರ ಆವಾಗ ಹೇಳಬೇಕಿತ್ತಪ್ಪಾ" ಎಂದು ಅಪ್ಪನಿಗೆ ಒಂದು ಮಾತು ಹೇಳಿಯೇ ಕೊಟ್ಟರು. ಚೆಕ್ ಪಾಸಾದ ಮೇಲೆ ಹಳೆಯ ಸರ್ಟಿಫಿಕೇಟಿನ ಮೇಲೆ ಕಾಲ್ ಬಂದದ್ದನ್ನು ಬರೆದು ಸಹಿ ಮಾಡಿದೆವು.

ಹಳೆಯ ಫೋರ್‌ಮನ್ ವಿಷಯ ಹೆಚ್ಚು ನೋವಿನದು. ಅವರ ಹೆಸರಲ್ಲಿ 1,500 ಷೇರು. ಕಳೆದ ವರ್ಷ ತೀರಿಕೊಂಡರು. ನಾಮಿನಿ ಬರೆಸಿರಲಿಲ್ಲ. ಇಬ್ಬರು ಮಕ್ಕಳ ನಡುವೆ ಮಾತು ಸರಿಯಿಲ್ಲ, ಯಾರ ಹೆಸರಿಗೂ ಷೇರು ಬದಲಾಗಿರಲಿಲ್ಲ. ಅವರ ಷೇರಿಗಾಗಿ ಉಳಿದವರನ್ನು ಕಾಯಿಸಬೇಕಾಗಿಲ್ಲ ಎಂದು ಸೆಕ್ರೆಟರಿ ಹೇಳಿದ್ದು ಸಮಾಧಾನ ತಂದಿತು. ಎಲ್ಲ ಷೇರು ಒಟ್ಟಿಗೇ ರಿಡೀಮ್ ಆಗುತ್ತವೆ. ವಾರಸುದಾರರ ಕಾಗದ ಬರುವವರೆಗೆ ಅವರ ಮೊತ್ತ ಕೊಡಬೇಕಾದ ಬಾಕಿಯಾಗಿ ಪುಸ್ತಕದಲ್ಲಿ ನಿಲ್ಲುತ್ತದೆ.

ಆಗಸ್ಟ್ ಕೊನೆಗೆ ವಾರ್ಷಿಕ ಸಭೆ ನಡೆಸಿ ಪ್ರಿಫರೆನ್ಸ್ ಡಿವಿಡೆಂಡ್ ಘೋಷಿಸಿದೆವು. ಐದು ದಿನದೊಳಗೆ ಆ ಹಣವನ್ನು ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಬೇಕು, ಮೂವತ್ತು ದಿನದೊಳಗೆ ಕೊಟ್ಟು ಮುಗಿಸಬೇಕು. ವರ್ಷಕ್ಕೆ 10,000 ರೂಪಾಯಿ ಮೀರಿದವರಿಗೆ ಶೇಕಡಾ 10 ಟಿಡಿಎಸ್ ಮುರಿದೆವು. ರಿಡೀಮ್ ಮಾಡಲು ಮತ್ತೆ ಸಾಮಾನ್ಯ ಸಭೆ ಬೇಕಾಗಲಿಲ್ಲ. 2018ರ ಷರತ್ತಿನಂತೆಯೇ ಕೊಡುತ್ತಿದ್ದುದರಿಂದ ಬೋರ್ಡಿನ ನಿರ್ಣಯ ಸಾಕಾಯಿತು. ಷರತ್ತು ಬದಲಿಸುವವರಿಗೆ, ಅಂದರೆ ಪ್ರೀಮಿಯಂ ಕಡಿಮೆ ಮಾಡುವುದೋ ಅವಧಿ ಮುಂದೂಡುವುದೋ ಇದ್ದವರಿಗೆ, ಆ ವರ್ಗದ ಷೇರುದಾರರ ಒಪ್ಪಿಗೆಯ ಬೇರೆಯೇ ಕತೆ ಇದೆ.

ಬೋರ್ಡ್ ನಿರ್ಣಯವನ್ನು ಸೆಕ್ರೆಟರಿ ಬರೆದ ರೀತಿ ನನಗೆ ಹಿಡಿಸಿತು. ಎಷ್ಟು ಷೇರು, ಯಾವ ದಿನ, ಷೇರಿಗೆ 105 ರೂಪಾಯಿ, ಯಾವ ಲಾಭದಿಂದ, ಯಾವ ಖಾತೆಯಿಂದ ಎಷ್ಟು ತೆಗೆದು ಸಿಆರ್‌ಆರ್‌ಗೆ ಹಾಕುವುದು, ಎಲ್ಲ ಒಂದೇ ನಿರ್ಣಯದಲ್ಲಿ. ಷೇರುದಾರರಿಗೆ ಷರತ್ತಿನಂತೆ ಒಂದು ತಿಂಗಳ ನೋಟಿಸ್ ಮೊದಲೇ ಹೋಗಿತ್ತು, ಮೂಲ ಸರ್ಟಿಫಿಕೇಟ್ ತರಲು ಹೇಳಿ. ಒಬ್ಬರ ಸರ್ಟಿಫಿಕೇಟ್ ಕಳೆದಿತ್ತು; ಛಾಪಾ ಕಾಗದದ ಮೇಲೆ ಇಂಡೆಮ್ನಿಟಿ ಬರೆಸಿಕೊಂಡೆವು. ನಮ್ಮವು ಕಾಗದದ ಷೇರು. ಡಿಮ್ಯಾಟ್ ಇರುವ ಕಂಪನಿಗಳು ಡಿಪಾಸಿಟರಿಯಲ್ಲಿ ಷೇರು ತೆಗೆಸುವ ಕೆಲಸವನ್ನೂ ಮಾಡಬೇಕು.

ಎಫ್‌ಡಿ ಮುರಿಸಿದಾಗ ಬಡ್ಡಿಯಲ್ಲಿ ಸ್ವಲ್ಪ ಕಡಿತವಾಯಿತು. ಅವಧಿ ತಿಳಿದಿದ್ದರೆ ಎಫ್‌ಡಿಯನ್ನು ಅದೇ ತಿಂಗಳಿಗೆ ಮುಗಿಯುವಂತೆ ಇಟ್ಟುಕೊಳ್ಳಿ. ಹಣವೆಲ್ಲ ಒಂದೇ ದಿನ ಬ್ಯಾಂಕ್ ಮೂಲಕ ಹೋಯಿತು. ಬಂದ ಸರ್ಟಿಫಿಕೇಟುಗಳ ಮೇಲೆ ರದ್ದು ಎಂದು ಬರೆದು, ರಿಜಿಸ್ಟರಿನಲ್ಲಿ ಪ್ರತಿ ಹೆಸರಿನ ಮುಂದೆ ದಿನಾಂಕ ಹಾಕಿದೆವು.

ಪುಸ್ತಕದಲ್ಲಿ ಎರಡು ಬೇರೆ ಎಂಟ್ರಿ ಬರುತ್ತವೆ, ಅವನ್ನು ಒಂದರೊಳಗೆ ತುರುಕಬಾರದು. ಮೊದಲನೆಯದು ಹಣದ್ದು: ಪ್ರಿಫರೆನ್ಸ್ ಷೇರು ಬಂಡವಾಳ 40 ಲಕ್ಷ ಮತ್ತು ಪ್ರೀಮಿಯಂ 2 ಲಕ್ಷ ಡೆಬಿಟ್, ಷೇರುದಾರರಿಗೆ 42 ಲಕ್ಷ ಕ್ರೆಡಿಟ್, ಆಮೇಲೆ ಬ್ಯಾಂಕಿನಿಂದ ಪಾವತಿ. ಪ್ರೀಮಿಯಂನ 2 ಲಕ್ಷವನ್ನು ಲಾಭ-ನಷ್ಟದ ಶಿಲ್ಕಿನಿಂದ ತುಂಬಿದೆವು. ಎರಡನೆಯ ಎಂಟ್ರಿಯಲ್ಲಿ ಬ್ಯಾಂಕಿನ ಹೆಸರೇ ಇಲ್ಲ: ಜನರಲ್ ರಿಸರ್ವ್ 18 ಲಕ್ಷ, ಲಾಭ-ನಷ್ಟ ಶಿಲ್ಕು 22 ಲಕ್ಷ ಡೆಬಿಟ್, ಸಿಆರ್‌ಆರ್ 40 ಲಕ್ಷ ಕ್ರೆಡಿಟ್. ಶಿಲ್ಕು 38ರಲ್ಲಿ ಡಿವಿಡೆಂಡ್ 4, ಪ್ರೀಮಿಯಂ 2, ಸಿಆರ್‌ಆರ್‌ಗೆ 22 ಹೋಗಿ 10 ಉಳಿಯಿತು. ಎರಡನೆಯ ಎಂಟ್ರಿ ಬಿಟ್ಟುಹೋದರೂ ಟ್ರಯಲ್ ಬ್ಯಾಲೆನ್ಸ್ ಸರಿಯಾಗಿಯೇ ಕೂಡುತ್ತದೆ, ಅದಕ್ಕೇ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಪರೀಕ್ಷೆ ಸುಲಭ: ಕಡಿಮೆಯಾದ ಪ್ರಿಫರೆನ್ಸ್ ಬಂಡವಾಳದಷ್ಟೇ ಮೊತ್ತ, ಹೊಸ ಷೇರಿನ ಹಣ ಬಂದಿದ್ದರೆ ಅದನ್ನು ಕಳೆದು, ಸಿಆರ್‌ಆರ್‌ನಲ್ಲಿ ಕಾಣಬೇಕು. ನಾವು 15 ಲಕ್ಷದ ಹೊಸ ಷೇರು ಕೊಟ್ಟಿದ್ದರೆ ಸಿಆರ್‌ಆರ್‌ಗೆ 25 ಲಕ್ಷ ಸಾಕಾಗುತ್ತಿತ್ತು.

ರಿಡೀಮ್ ಆದ ಮೂವತ್ತು ದಿನದೊಳಗೆ ರಿಜಿಸ್ಟ್ರಾರ್‌ಗೆ SH-7 ಫಾರಂ ಹಾಕಬೇಕು. ಬಂಡವಾಳ ಹೆಚ್ಚಿಸುವಾಗ ಹಾಕುವ ಫಾರಮ್ಮೇ ಇದು. ಉದ್ದೇಶದ ಜಾಗದಲ್ಲಿ ಪ್ರಿಫರೆನ್ಸ್ ಷೇರು ರಿಡೀಮ್ ಮಾಡಿದ್ದನ್ನು ಆರಿಸಿ, ಬೋರ್ಡ್ ನಿರ್ಣಯದ ಪ್ರತಿ ಸೇರಿಸಿದೆವು. ಅಪ್ಪನ ಡಿಜಿಟಲ್ ಸಹಿಯ ಅವಧಿ ಮುಗಿದದ್ದು ಅಂದೇ ಗೊತ್ತಾಗಿ, ಹೊಸದು ಮಾಡಿಸುವವರೆಗೆ ಫಾರಂ ನಿಂತಿತು. ತಡವಾದರೆ ದಿನಕ್ಕೆ 500 ರೂಪಾಯಿಯಂತೆ ದಂಡ ಬೀಳಬಹುದು, ಹಾಗಾಗಿ ಸಹಿಯ ಅವಧಿಯನ್ನು ಮೊದಲೇ ನೋಡಿಟ್ಟುಕೊಳ್ಳಿ. ನಮ್ಮ ಅಧಿಕೃತ ಬಂಡವಾಳ 75 ಲಕ್ಷವಾದ್ದರಿಂದ ಸರ್ಕಾರಿ ಶುಲ್ಕ ಬರೀ 500 ರೂಪಾಯಿ. ರಿಡೀಮ್ ಮಾಡಿದ್ದರಿಂದ ಆ 75 ಲಕ್ಷ ಕಡಿಮೆಯಾಗುವುದಿಲ್ಲ ಎಂಬುದೂ ಕಾನೂನಿನಲ್ಲೇ ಇದೆ. ನಿಜವಾದ ಖರ್ಚು ಸೆಕ್ರೆಟರಿ ಮತ್ತು ಆಡಿಟರ್ ಫೀ, ಎರಡೂ ಸೇರಿ ನಮಗೆ 35,000 ಹತ್ತಿರ ಬಂತು.

ಹಣ ಬಂದಮೇಲೆ ಕಾಕಾ ಮತ್ತೆ ಫೋನ್ ಮಾಡಿದರು, ತೆರಿಗೆ ಎಷ್ಟು ಅಂತ. ಪ್ರಿಫರೆನ್ಸ್ ಷೇರು ರಿಡೀಮ್ ಆಗುವುದೂ ಷೇರುದಾರರ ಕಡೆಯಿಂದ ವರ್ಗಾವಣೆಯೇ ಎಂದು ಅನಾರ್ಕಲಿ ಸಾರಾಭಾಯ್ ಪ್ರಕರಣದಲ್ಲಿ 1997ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಅವರ 8,000 ಷೇರಿಗೆ ಬಂದ ಪ್ರೀಮಿಯಂ 40,000 ರೂಪಾಯಿ ದೀರ್ಘಾವಧಿಯ ಬಂಡವಾಳ ಲಾಭ, ಶೇಕಡಾ 12.5ರಂತೆ 5,000 ರೂಪಾಯಿ ತೆರಿಗೆ, ಮೇಲೆ ಸೆಸ್. ಮುಖಬೆಲೆಯ 8 ಲಕ್ಷಕ್ಕೆ ತೆರಿಗೆ ಇಲ್ಲ. ಅದು ಅವರದೇ ಹಣ.

ಇನ್ನೊಂದು ಪ್ರಶ್ನೆಯನ್ನೂ ಅವರೇ ಎತ್ತಿದರು: ಆ 40 ಲಕ್ಷ ಹೀಗೇ ಸತ್ತು ಬಿದ್ದಿರುತ್ತದೆಯೇ? ಅದನ್ನು ಡಿವಿಡೆಂಡ್‌ಗೆ ಬಳಸುವಂತಿಲ್ಲ, ಮುಂದೆ ನಷ್ಟ ಬಂದರೆ ಸುಮ್ಮನೆ ಅದರಿಂದ ತುಂಬಿಕೊಳ್ಳುವಂತೆಯೂ ಇಲ್ಲ. ಒಂದು ಬಾಗಿಲು ಮಾತ್ರ ತೆರೆದಿದೆ. ಈಕ್ವಿಟಿ ಷೇರುದಾರರಿಗೆ ಪೂರ್ತಿ ಪೇಡ್-ಅಪ್ ಬೋನಸ್ ಷೇರು ಕೊಡಲು ಸಿಆರ್‌ಆರ್ ಬಳಸಬಹುದು. ಆಗ ರಿಸರ್ವ್‌ನಲ್ಲಿದ್ದದ್ದು ಷೇರು ಬಂಡವಾಳವಾಗಿಬಿಡುತ್ತದೆ, ಕಂಪನಿಯಿಂದ ಒಂದು ರೂಪಾಯಿಯೂ ಹೊರಗೆ ಹೋಗುವುದಿಲ್ಲ. ನಾವು ಅದನ್ನು ಮಾಡಬೇಕಾದರೆ ಅಧಿಕೃತ ಬಂಡವಾಳದಲ್ಲಿ ಈಗ ಪ್ರಿಫರೆನ್ಸ್ ಎಂದು ಬರೆದಿರುವ 40 ಲಕ್ಷವನ್ನು ಈಕ್ವಿಟಿಗೆ ಬದಲಿಸಿಕೊಳ್ಳಬೇಕು. ಅಪ್ಪ ಮುಂದಿನ ವರ್ಷ ನೋಡೋಣ ಎಂದಿದ್ದಾರೆ.

ಫೋರ್‌ಮನ್ ಅವರ 1,57,500 ರೂಪಾಯಿ ಇನ್ನೂ ನಮ್ಮಲ್ಲೇ ಇದೆ. ಅವರ ಹಿರಿಯ ಮಗ ಸಕ್ಸೆಷನ್ ಸರ್ಟಿಫಿಕೇಟಿಗೆ ಅರ್ಜಿ ಹಾಕಿದ್ದಾರೆ. ಏಳು ವರ್ಷ ಯಾರೂ ಕೇಳದಿದ್ದರೆ ರಿಡೀಮ್ ಆದ ಪ್ರಿಫರೆನ್ಸ್ ಷೇರಿನ ಹಣ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತದೆಂದು ಇಬ್ಬರೂ ಮಕ್ಕಳಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ತಿಳಿಸಿದ್ದೇನೆ.